ಉಪ್ಪಿಲ್ಲದ ಸೋಮವಾರ

ನಮ್ಮ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಯಾರ್ಯಾರಕ್ಕ ಅಂತಲೇ ಕರೆಯುತ್ತಿದ್ದರು. ಮದುವೆ ಊಟ ಒಪ್ಪಿಸುವ ಮೊದಲು ಮನೆಯವರು ಬಂದು ರುಚಿ ನೋಡಿ ಹೋಗುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಆ ದಿನವನ್ನು ಗೊತ್ತುಮಾಡುವುದು ಅವಳ ಕೆಲಸ. ಫೋನು ಎತ್ತಿದರೆ ಅವಳ ಬಾಯಿಂದ ಬರುವ ಮೊದಲ ಮಾತೇ "ಯಾರ್ಯಾರು ಬರ್ತೀರಿ?" ಎರಡನೆಯದು "ಯಾರಿಗೆ ಏನು ಆಗಲ್ಲ?" ಆಮೇಲೆ ಅವರು ಹೇಳಿದ್ದನ್ನು ಅಕ್ಷರ ಬಿಡದೆ ಅವರಿಗೇ ತಿರುಗಿ ಹೇಳುವಳು. ತಪ್ಪಾಗಬಾರದಲ್ಲ. ಅವಳ ಮೇಜು ಮೆಟ್ಟಿಲ ಕೆಳಗೆ, ನನ್ನ ಒಲೆಗೆ ಹತ್ತಿರ. ಹೀಗಾಗಿ ಈ ಊರಿನ ಅರ್ಧ ಮದುವೆಗಳ ಕಥೆ ನನಗೆ ನಿಂತಲ್ಲೇ ಕೇಳಿಸಿದೆ. ಯಾವ ಸೋದರಮಾವನನ್ನು ಕರೆದಿಲ್ಲ, ಯಾವ ಅತ್ತಿಗೆ ಮುನಿಸಿಕೊಂಡಿದ್ದಾಳೆ, ಯಾರಿಗೆ ಬದನೆಕಾಯಿ ಕಂಡರೆ ಮೈಯೆಲ್ಲ ತುರಿಕೆ, ಎಲ್ಲವೂ.

ನಾನು ಇಲ್ಲಿಯ ಮುಖ್ಯ ಅಡುಗೆಯವನು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಒಲೆ ಮುಂದೆ ಮೂವತ್ತು ವರ್ಷ ನಿಂತು ನೋಡಿ, ಆಮೇಲೆ ಮಾತಾಡೋಣ.

ಯಾರ್ಯಾರಕ್ಕ ಗಂಡ ಸತ್ತ ಮೇಲೆ ಇಲ್ಲಿಗೆ ಬಂದವಳು. ಮೊದಲು ತರಕಾರಿ ಹೆಚ್ಚುತ್ತಿದ್ದಳು. ಒಮ್ಮೆ ಫೋನಿನವನು ರಜೆ ಹಾಕಿದಾಗ ಯಜಮಾನರು ಇವಳನ್ನು ಕೂರಿಸಿದರು, ಅವತ್ತು ಕೂತವಳು ಏಳಲಿಲ್ಲ. ಗಂಡ ಹೇಗೆ ಸತ್ತ ಎಂದು ಯಾರಾದರೂ ಕೇಳಿದರೆ "ಕಾಯಿಲೆ" ಎನ್ನುವಳು, ಅಷ್ಟೇ. ನಾನೂ ಕೆದಕಿರಲಿಲ್ಲ. ಅವರವರ ಹೊಟ್ಟೆನೋವು ಅವರವರಿಗೆ.

ನಾನು ಹೇಳಹೊರಟ ಮದುವೆಯ ಹೆಣ್ಣಿನ ಅಪ್ಪ ದೊಡ್ಡ ಬಟ್ಟೆ ಅಂಗಡಿಯವರು. ಜನ ಬಹಳ, ಊಟ ಎರಡು ಹೊತ್ತು. ಯಜಮಾನರು ಆ ವಾರವಿಡೀ ನೆಲಕ್ಕೆ ಕಾಲು ತಾಗಿಸದೆ ಓಡಾಡಿದರು. ರುಚಿ ನೋಡಲು ಬೇಕಾದ ಪದಾರ್ಥಗಳನ್ನು ಅಪ್ಪನೇ ಫೋನಿನಲ್ಲಿ ಹೇಳಿದರು, ಯಾರ್ಯಾರಕ್ಕ ತಿರುಗಿ ಹೇಳಿದಳು: "ಟೊಮೆಟೊ ಸೂಪು, ಹುರಿದ ಆಲೂಗಡ್ಡೆ, ಕೋಳಿ ಒಂದು ಬಗೆ, ತರಕಾರಿ ಹಾಕಿದ ಅನ್ನ, ಕೊನೆಗೆ ಬಾಳೆಹಣ್ಣು ಕಿತ್ತಳೆ ಹಾಕಿದ ಹಣ್ಣಿನ ಬಟ್ಟಲು. ಬರೋರು ನೀವು, ನಿಮ್ಮ ಮಗಳು. ಅವಳ ತಾಯಿ ಇಲ್ಲ. ಗಂಡಿನ ಕಡೆಯಿಂದ ಹುಡುಗ, ಅವನ ತಾಯಿ. ಒಟ್ಟು ನಾಲ್ಕು ಜನ. ದಿನ ಮಾತ್ರ ಅವರನ್ನ ಕೇಳಿ ಹೇಳ್ತೀನಿ ಸಾರ್."

ಆಮೇಲೆ ಗಂಡಿನ ತಾಯಿಗೆ ಫೋನು ಮಾಡಿದಳು. ನಾನು ಈರುಳ್ಳಿ ಬಾಡಿಸುತ್ತಿದ್ದೆ.

"ಮಂಗಳವಾರ ಆಗಲ್ಲ. ಗುರುವಾರ ಆಗಲ್ಲ. ಶನಿವಾರನೂ ಆಗಲ್ಲ. ಅವನಿಗೆ ಕೆಲಸ ಇರತ್ತೆ. ಸಾಯಂಕಾಲನೂ ಬೇಡ, ಸುಸ್ತಾಗಿರ್ತಾನೆ. ಸರಿ ಅಮ್ಮಾ." ಅವಳ ದನಿ ಇಳಿಯಿತು. "ಊಟದಲ್ಲಿ ಅವನಿಗೆ ಏನೂ ತೊಂದರೆ ಇಲ್ಲ. ಆದ್ರೆ ಟೊಮೆಟೊ ಬೇಡ. ಆಲೂಗಡ್ಡೆ ಬೇಡ. ಬಾಳೆಹಣ್ಣು, ಕಿತ್ತಳೆ ಬೇಡ. ಉಪ್ಪು ಸ್ವಲ್ಪ... ಕಡಿಮೆ. ಕುಡಿಯೋ ನೀರು ನೀವೇ ತರ್ತೀರಿ, ಚಿಕ್ಕ ಬಾಟಲಿ. ಇದನ್ನ ಹೆಣ್ಣಿನ ಮನೆಯವರಿಗೆ... ಹೇಳಬಾರದು."

ಫೋನು ಇಟ್ಟವಳು ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನೋಡಿದರೆ ಗ್ಯಾಸ್ ಸಿಲಿಂಡರುಗಳ ನಡುವೆ, ತಲೆಕೆಳಗಾಗಿ ಮಗುಚಿದ ಪಾತ್ರೆಯ ಮೇಲೆ ಕೂತಿದ್ದಾಳೆ.

"ಏನಕ್ಕಾ? ಹುಡುಗನಿಗೆ ನಖರಾ ಜಾಸ್ತಿ ಅನ್ಸತ್ತೆ. ಅದು ಬೇಡ, ಇದು ಬೇಡ," ಎಂದು ನಗಿಸಲು ನೋಡಿದೆ.

"ಡಯಾಲಿಸಿಸ್ ಅಣ್ಣಾ," ಎಂದಳು. "ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಯಂತ್ರಕ್ಕೆ ಹಾಕಿ ರಕ್ತ ತೊಳೀತಾರೆ. ಕಿಡ್ನಿ ಕೆಲಸ ಮಾಡಲ್ಲ, ಅದಕ್ಕೇ ಆ ಹಣ್ಣು, ಆ ತರಕಾರಿ ಆಗಲ್ಲ. ನೀರೂ ಅಳತೆ. ನನ್ನ ಗಂಡನಿಗೂ ಇದೇ ಮಂಗಳವಾರ, ಇದೇ ಗುರುವಾರ, ಇದೇ ಶನಿವಾರ."

ಕೈಯಲ್ಲಿದ್ದ ಸೌಟಿನಿಂದ ಎಣ್ಣೆ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಈರುಳ್ಳಿ ಸೀದ ವಾಸನೆ ಬಂತು, ಓಡಿದೆ.

ಮಧ್ಯಾಹ್ನ ಅವಳು ಅಂಗಡಿಯವರಿಗೆ ಮತ್ತೆ ಫೋನು ಮಾಡಿ ಬುಧವಾರ ಅಥವಾ ಶುಕ್ರವಾರ ಬನ್ನಿ ಎಂದು ಕೇಳಿಕೊಂಡಳು. ಆಗಲಿಲ್ಲ. ಸೋಮವಾರ ಅಂಗಡಿಗೆ ರಜೆ, ಅವರು ಬರುವುದಾದರೆ ಸೋಮವಾರವೇ. ಪದಾರ್ಥ ಬದಲಾಯಿಸೋಣವೇ ಎಂದಳು. ಟೊಮೆಟೊ ಸೂಪು, ಆಲೂಗಡ್ಡೆ ಇಲ್ಲದ ಮದುವೆ ಊಟ ಊಟವೇ ಅಲ್ಲ ಎಂದರಂತೆ. ಅಷ್ಟರಲ್ಲಿ ಯಜಮಾನರು ಬಂದು, "ಅವರು ಏನು ಹೇಳ್ತಾರೋ ಅದಕ್ಕೆ ಹೂಂ ಅನ್ನು. ಮನೆಗೆ ಬಂದ ಲಕ್ಷ್ಮೀನ ಒದೀಬೇಡ," ಎಂದು ಗದರಿದರು. ಸೋಮವಾರವೇ ಗಟ್ಟಿಯಾಯಿತು.

"ಅದೇ ಕೆಟ್ಟ ದಿನ," ಎಂದಳು ನನಗೆ. "ಶನಿವಾರ ಆದ್ಮೇಲೆ ಮಂಗಳವಾರದವರೆಗೆ ಯಂತ್ರ ಇಲ್ಲ. ಸೋಮವಾರದ ಹೊತ್ತಿಗೆ ಮೈಯಲ್ಲಿ ಎಲ್ಲಾ ತುಂಬ್ಕೊಂಡಿರತ್ತೆ. ಅವತ್ತು ಒಂದು ಬಟ್ಟಲು ಟೊಮೆಟೊ, ಒಂದು ತಟ್ಟೆ ಆಲೂಗಡ್ಡೆ, ಎರಡು ಬಾಳೆಹಣ್ಣು ಅಂದ್ರೆ ಎದೆ ನಿಂತೇ ಹೋಗ್ಬಹುದು."

"ಹಾಗಾದ್ರೆ ಆ ಹುಡುಗಿಗೆ ಫೋನ್ ಮಾಡಿ ಹೇಳ್ಬಿಡು. ಎಲ್ಲಾ ಮುಗಿದು ಹೋಗತ್ತೆ."

ಅವಳು ಫೋನು ಎತ್ತಿ ಹುಡುಗನಿಗೇ ಮಾಡಿದಳು. ಉಣ್ಣುವವರ ಬಾಯಿಂದಲೇ ಒಂದು ಸಲ ಕೇಳಿ ಖಚಿತಪಡಿಸಿಕೊಳ್ಳುವುದು ಅವಳ ವಾಡಿಕೆ. ಈ ಸಲ ತಿರುಗಿ ಹೇಳುವಾಗ ಮಾತು ಮಾತಿಗೂ ತಡವರಿಸಿದಳು.

"ನಿಮಗೆ ಏನೇನು ಆಗಲ್ಲ ಅಂತ ನನಗೆ ಗೊತ್ತಪ್ಪಾ. ನನ್ನ ಗಂಡನಿಗೂ ಇತ್ತು... ಬೇರೆ ತಟ್ಟೆ ಮಾಡಿಸ್ಲಾ?... ಬೇಡ. ಬೇರೆ ತಟ್ಟೆ ಕಂಡ್ರೆ ಕೇಳ್ತಾರೆ. ಎಲ್ಲರ ಜೊತೆ ಎಲ್ಲರೂ ತಿನ್ನೋದನ್ನೇ ತಿಂತೀರಿ... ಸೋಮವಾರ ಅನ್ನೋದು ನೆನಪಿದೆ ತಾನೇ?... ಇದೆ. ಒಂದು ದಿನಕ್ಕೆ ಏನೂ ಆಗಲ್ಲ... ಅವಳಿಗೆ ಯಾವಾಗ ಹೇಳ್ತೀರಿ?... ಅಮ್ಮ ಮದುವೆ ಆದ್ಮೇಲೆ ಹೇಳೋಣ ಅಂತಾರೆ." ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೀವೇ ಹೇಳಿ ಅಪ್ಪಾ. ಮುಂಚೇನೇ ಹೇಳಿ. ಕೈ ಮುಗಿದು ಕೇಳ್ಕೊಳ್ತೀನಿ."

ಆ ಕಡೆಯವನು ಏನೆಂದನೋ, ಅದನ್ನು ಅವಳು ತಿರುಗಿ ಹೇಳಲಿಲ್ಲ.

ಭಾನುವಾರ ಸಂಜೆ ಸಾಮಾನು ತರಿಸುವ ಹೊತ್ತಿಗೆ ಬಂದು ನನ್ನ ಎದುರು ನಿಂತಳು. ನಾಲ್ಕು ಜನಕ್ಕೂ ಅವನಿಗೆ ಆಗುವ ಅಡುಗೆಯನ್ನೇ ಮಾಡಬೇಕಂತೆ. ನಾನು ಕೇಳಿ ಕೆಂಡವಾದೆ.

"ಬಟ್ಟೆ ಅಂಗಡಿಯವರ ಮುಂದೆ ಉಪ್ಪಿಲ್ಲದ ಅಡುಗೆ ಇಡಲಾ? ನನ್ನ ಮಾನ ಏನಾಗ್ಬೇಕು? ಈ ಮದುವೆ ಕೈಬಿಟ್ಟು ಹೋದ್ರೆ ಯಜಮಾನ್ರು ಇಬ್ಬರನ್ನೂ ಬೀದಿಗೆ ಹಾಕ್ತಾರೆ. ಅವರ ಮನೆ ಸುಳ್ಳಿಗೆ ನನ್ನ ಅಡುಗೆ ಯಾಕೆ ಚಪ್ಪೆ ಮಾಡ್ಕೊಳ್ಳಲಿ? ಹುಡುಗಿಗೆ ಹೇಳು ಅಂದ್ರೆ ಹೇಳಲ್ಲ ನೀನು!"

"ಹೇಳೋದು ಅವನ ಕೆಲಸ ಅಣ್ಣಾ. ನಾನು ಹೇಳಿದ್ರೆ ಅದು ಚಾಡಿ. ಅವನು ಹೇಳಿದ್ರೆ ಮಾತ್ರ ಅದು ಮಾತು. ಸೋಮವಾರ ನಮ್ಮ ಮೇಜಿನ ಮೇಲೆ ಅವನು ಸಾಯದ ಹಾಗೆ ನೋಡೋದು, ಅದು ನನ್ನ ಕೆಲಸ."

"ಅವನಿಗೆ ಹೆಣ್ಣು ಯಾಕೆ ಬೇಕಿತ್ತು, ಈ ಸ್ಥಿತೀಲಿ?"

ಆ ಮಾತು ಬಾಯಿಂದ ಬಿದ್ದ ಮೇಲೆ ನನಗೇ ನಾಚಿಕೆಯಾಯಿತು. ಅವಳು ಸಿಟ್ಟಾಗಲಿಲ್ಲ. ಆಲೂಗಡ್ಡೆ ಬುಟ್ಟಿ ಎಳೆದುಕೊಂಡು ಸಿಪ್ಪೆ ತೆಗೆಯುತ್ತಾ ಹೇಳಿದಳು. ಮದುವೆಯಾದ ಹೊಸದರಲ್ಲಿ ಗಂಡ "ಕೆಲಸ ಇದೆ" ಎಂದು ಹೊರಟಾಗ ಛತ್ರಿ ಮರೆತನೆಂದು ಹಿಂದೆಯೇ ಓಡಿದಳಂತೆ. ಅವನು ಆಸ್ಪತ್ರೆಗೆ ಹೋದ. ಬಾಗಿಲ ಗಾಜಿನಲ್ಲಿ ನೋಡಿದರೆ ಅವನ ತೋಳಿನಿಂದ ಎರಡು ಕೊಳವೆ, ಎರಡರಲ್ಲೂ ರಕ್ತ. ಪಕ್ಕದ ಮಂಚದವನ ಹೆಂಡತಿ, "ನೀವು ಹೊಸದಾಗಿ ಬಂದೋರಾ?" ಎಂದು ಜಾಗ ಬಿಟ್ಟುಕೊಟ್ಟಳಂತೆ.

"ಅತ್ತೆಗೆ ಗೊತ್ತಿತ್ತು, ನಾದಿನಿಗೆ ಗೊತ್ತಿತ್ತು, ಮದುವೇಲಿ ಬಡಿಸಿದೋನಿಗೂ ಗೊತ್ತಿತ್ತು. ಅವನೇ ನೋಡ್ಕೊಂಡು ನನ್ನ ಗಂಡನಿಗೆ ಬೇರೆ ಪಾತ್ರೆಯಿಂದ ಬಡಿಸಿದ್ದ. ಗೊತ್ತಿಲ್ದೆ ಇದ್ದೋಳು ನಾನೊಬ್ಬಳೇ. ಆಮೇಲೆ ನೋಡ್ಕೊಂಡೆ ಅಣ್ಣಾ, ಕೊನೇ ತನಕ. ಒಳ್ಳೆಯೋನು. ಪ್ರೀತಿನೂ ಬಂತು. ಆದ್ರೆ ಎಲ್ಲಾ ಗೊತ್ತಿದ್ದೇ ಬಂದೆ ಅಂತ ಹೇಳ್ಕೊಳ್ಳೋ ಭಾಗ್ಯ ನನಗೆ ಬರ್ಲಿಲ್ಲ. ಅವನು ಸಾಯೋವಾಗಲೂ ಅದನ್ನೇ ಕೇಳಿದ. ಗೊತ್ತಿದ್ದಿದ್ರೆ ಬರ್ತಿದ್ಯಾ ಅಂತ. ಏನು ಹೇಳಲಿ? ಯಾರೂ ನನ್ನ ಕೇಳಿರಲಿಲ್ವಲ್ಲ."

ನಾನು ಚಾಕು ತೆಗೆದುಕೊಂಡು ಅವಳ ಎದುರು ಕೂತೆ.

ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ಅವನಿಗೆ ಆಗದ್ದು ನೀರಿಗೆ ಬಿಡಲೆಂದು, ರಾತ್ರಿಯಿಡೀ ತುಂಬ ನೀರಿನಲ್ಲಿ ನೆನೆಹಾಕಿದೆವು. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಅದನ್ನೂ ಬಸಿದು ಚೆಲ್ಲಿದೆ. ಆಲೂಗಡ್ಡೆಯ ಜೀವವೇ ಆ ನೀರಿನ ಜೊತೆ ಮೋರಿಗೆ ಹೋಯಿತು. ಹಾಗೆ ಮಾಡಿದರೂ ಅವನ ತಟ್ಟೆಗೆ ಸ್ವಲ್ಪವೇ ಬಡಿಸಬೇಕು ಎಂದಳು. ಸೂಪಿಗೆ ಟೊಮೆಟೊ ಬದಲು ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು ರುಬ್ಬಿ, ಬೆಳ್ಳುಳ್ಳಿ, ಒಂದಿಷ್ಟು ವಿನಿಗರ್. ಬಣ್ಣ ಮಾತ್ರ ಟೊಮೆಟೊವೇ. ಬಟ್ಟಲಿಗೆ ಬಾಳೆಹಣ್ಣು, ಕಿತ್ತಳೆ ಹೋಗಿ ಸೇಬು, ಅನಾನಸ್ ಬಂತು. ಮನಸ್ಸು ತಡೆಯದೆ, ಯಜಮಾನರು ತಮ್ಮ ರಕ್ತದೊತ್ತಡಕ್ಕೆಂದು ಇಟ್ಟುಕೊಂಡಿದ್ದ 'ಆರೋಗ್ಯದ ಉಪ್ಪಿ'ನ ಪೊಟ್ಟಣಕ್ಕೆ ಕೈ ಹಾಕಿದೆ. ಅವಳು ಕಸಿದುಕೊಂಡಳು. ಅವನಿಗೆ ಅದು ಮಾಮೂಲಿ ಉಪ್ಪಿಗಿಂತಲೂ ವಿಷವಂತೆ, ಬಾಳೆಹಣ್ಣಿನಲ್ಲಿ ಇರುವುದೇ ಅದರಲ್ಲೂ ಇರುವುದಂತೆ. ನಾನು ಬೆವರೊರೆಸಿಕೊಂಡೆ.

ರುಚಿ ನೋಡುವ ಕೋಣೆ ಮಹಡಿಯ ಮೇಲೆ. ದುಂಡು ಮೇಜು, ಬಿಳಿ ಬಟ್ಟೆ, ಹಿತ್ತಲಿಗೆ ತೆರೆಯುವ ಒಂದು ಕಿಟಕಿ. ನಾಲ್ವರೂ ಹೇಳಿದ ಹೊತ್ತಿಗೆ ಬಂದರು. ಅಂಗಡಿಯವರು ಕೂರುವ ಮುಂಚೆಯೇ ಮೇಜಿನ ಬಟ್ಟೆ ಮುಟ್ಟಿ ನೋಡಿದರು, ಹುಟ್ಟುಗುಣ. ಮಗಳು ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲ ಕಡೆ. ಹುಡುಗ ಸಪೂರ, ಉದ್ದ ತೋಳಿನ ಅಂಗಿ, ಸೆಕೆಯಲ್ಲೂ ಗುಂಡಿ ಬಿಚ್ಚಿರಲಿಲ್ಲ. ಅವನ ತಾಯಿ ಚೀಲದಿಂದ ಚಿಕ್ಕ ಬಾಟಲಿ ತೆಗೆದು ಅವನ ಮುಂದಿಟ್ಟು, "ಅವನಿಗೆ ಕಾಯಿಸಿ ಆರಿಸಿದ ನೀರೇ ಅಭ್ಯಾಸ," ಎಂದು ನಕ್ಕರು.

ಹುಡುಗ ಸೂಪಿನ ಚಮಚ ಬಾಯಿಗಿಟ್ಟು ತಟ್ಟನೆ ಯಾರ್ಯಾರಕ್ಕನ ಮುಖ ನೋಡಿದ. ಅವಳು ಗೋಡೆಗೆ ಒರಗಿ ನಿಂತಿದ್ದಳು, ಅವನತ್ತ ನೋಡಲಿಲ್ಲ. ಅವನು ಮತ್ತೊಂದು ಚಮಚ ತೆಗೆದುಕೊಂಡ, ಇನ್ನೊಂದು. ಆಮೇಲೆ ಹಸಿದ ಮಗುವಿನ ಹಾಗೆ ಉಂಡ. ಕೋಳಿಯನ್ನು ಮೂಳೆ ಬಿಡದೆ ತಿಂದ. ಹೊರಗೆ ಕೂತು ಹೆದರಿಕೆಯಿಲ್ಲದೆ ಉಣ್ಣದೆ ಎಷ್ಟು ಕಾಲವಾಗಿತ್ತೋ.

ಅಂಗಡಿಯವರು ಚಮಚ ಕೆಳಗಿಟ್ಟರು. "ಉಪ್ಪಿಗಿಂತ ರುಚಿ ಇಲ್ಲ ಅಂತಾರೆ. ನಿಮ್ಮ ಅಡುಗೆಯವನಿಗೆ ಯಾರೂ ಹೇಳ್ಕೊಟ್ಟಿಲ್ವಾ? ಇದೇನು, ಸೂಪಾ? ಪಾತ್ರೆ ತೊಳೆದ ನೀರಾ?"

ಯಜಮಾನರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಾನು ತಲೆ ತಗ್ಗಿಸಿ ನಿಂತೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಬೈಗುಳ ತಿಂದು ಸುಮ್ಮನಿದ್ದೆ. ಹುಡುಗನ ತಾಯಿ ಮಾತ್ರ "ಚೆನ್ನಾಗೇ ಇದೆಯಲ್ಲ," ಎಂದು ಸಣ್ಣ ದನಿಯಲ್ಲಿ ಅಂದರು.

ಆಗ ಹುಡುಗಿ ಮಾತಾಡಿದಳು. "ಅಪ್ಪಾ, ಸ್ವಲ್ಪ ಇರಿ." ಬಾಟಲಿಯನ್ನು ನೋಡಿದಳು, ಹುಡುಗನ ಖಾಲಿ ತಟ್ಟೆ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು. "ಇಷ್ಟು ದೊಡ್ಡ ಅಡುಗೆಮನೆ ನಡೆಸೋರು ಉಪ್ಪು ಮರೆಯಲ್ಲ. ಇದು ಯಾರಿಗೋಸ್ಕರ ಮಾಡಿದ ಅಡುಗೆ?"

ನಾನು ಯಾರ್ಯಾರಕ್ಕನನ್ನು ನೋಡಿದೆ. ಅವಳ ತುಟಿ ಬಿಳುಚಿತ್ತು, ಬಾಯಿ ಬಿಡಲಿಲ್ಲ. ಕೆಳಗೆ ಹಿತ್ತಲಿನಲ್ಲಿ ಯಾರೋ ತಪ್ಪಲೆ ಉಜ್ಜುವ ಸದ್ದು ಕೇಳುತ್ತಿತ್ತು.

"ನನಗೋಸ್ಕರ," ಎಂದ ಹುಡುಗ. ತೋಳಿನ ಗುಂಡಿ ಬಿಚ್ಚಿ ಅಂಗಿ ಮೇಲೆ ಸರಿಸಿದ. ಮೊಣಕೈಯ ಒಳಗೆ ಹಗ್ಗದಷ್ಟು ದಪ್ಪದ ನರ ಉಬ್ಬಿತ್ತು, ಸುತ್ತ ಸೂಜಿ ಚುಚ್ಚಿದ ಕಲೆಗಳು. ಎಲ್ಲವನ್ನೂ ಹೇಳಿದ, ಎರಡು ಮೂರು ಮಾತಿನಲ್ಲಿ.

ಅಂಗಡಿಯವರು ಕುರ್ಚಿ ಹಿಂದೆ ತಳ್ಳಿ ಎದ್ದರು. "ಮೋಸ! ಹಾಡಹಗಲು ಮೋಸ!" ತಾಯಿಯೂ ಎದ್ದರು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳಿದ್ದು ಒಂದೇ. ಅವನಿಗೂ ಒಂದು ಬದುಕು ಬೇಡ್ವಾ? ನಾನು ಇರೋ ತನಕ ನಾನು. ಆಮೇಲೆ ಯಾರು?"

ಹುಡುಗಿ ಯಾರ ಕಡೆಗೂ ತಿರುಗಲಿಲ್ಲ. ಹುಡುಗನನ್ನೇ ಕೇಳಿದಳು. "ಕಾಯಿಲೆ ಇರ್ಲಿ. ನನಗೆ ಯಾವಾಗ ಹೇಳ್ತಿದ್ರಿ?"

ಅವನು ತಾಯಿಯ ಮುಖ ನೋಡಿದ.

ಎಷ್ಟು ಹೊತ್ತು? ಕಣ್ಣು ಮಿಟುಕಿಸುವಷ್ಟು. ಅವಳಿಗೆ ಅಷ್ಟು ಸಾಕಾಯಿತು. "ಉತ್ತರ ಅವರ ಹತ್ರ ಇದ್ರೆ ನಾನು ಯಾರ ಜೊತೆ ಬಾಳಲಿ?" ಎಂದು ಕೇಳಿ, ಬೆರಳಲ್ಲಿದ್ದ ನಿಶ್ಚಿತಾರ್ಥದ ಉಂಗುರ ತೆಗೆದು ಹಣ್ಣಿನ ಬಟ್ಟಲಿನ ಪಕ್ಕ ಇಟ್ಟಳು. ಮೆಟ್ಟಿಲಿಳಿಯುವಾಗ ಅವಳು ಅಳುತ್ತಿದ್ದುದು ನನಗೆ ಕೇಳಿಸಿತು.

ಹುಡುಗನ ತಾಯಿ ಯಾರ್ಯಾರಕ್ಕನ ಎದುರು ಬಂದು ನಿಂತರು. "ನಿನ್ನ ಗಂಡನಿಗೂ ಇತ್ತಂತೆ. ನೀನು ಅವನ ಜೊತೆ ಬಾಳಿಲ್ವಾ? ನನ್ನ ಮಗನಿಗೆ ಅಷ್ಟೂ ಸಿಗಬಾರದಿತ್ತಾ? ನಿನ್ನ ಬಾಯಿಗೆ ಮಣ್ಣು ಬೀಳ!"

"ನಾನು ಬಾಯಿ ಬಿಡಲಿಲ್ಲಮ್ಮಾ," ಎಂದಳು ಯಾರ್ಯಾರಕ್ಕ. ಅದು ನಿಜ. ಆದರೆ ಆ ನಿಜ ಆ ಹೊತ್ತಿನಲ್ಲಿ ಯಾರ ಹೊಟ್ಟೆಯನ್ನೂ ತುಂಬಿಸುವಂತಿರಲಿಲ್ಲ. ಹುಡುಗ ಹೊರಡುವಾಗ ನನ್ನ ಕೈ ಹಿಡಿದು, "ಸೂಪು ಚೆನ್ನಾಗಿತ್ತು," ಎಂದ. ಅವನ ಅಂಗೈ ತಣ್ಣಗಿತ್ತು.

ಯಜಮಾನರು ಅವಳನ್ನು ಮತ್ತೆ ತರಕಾರಿ ಹೆಚ್ಚಲು ಕೂರಿಸಿದರು. ನನ್ನನ್ನು ಬಿಡಲಿಲ್ಲ, ನನ್ನಂಥ ಅಡುಗೆಯವನು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಫೋನಿಗೆ ಹೊಸಬ ಬಂದ. ಐದು ಜನ ಎಂದು ಅವನು ಹೇಳಿದ ಕಡೆ ಹದಿನಾಲ್ಕು ಜನ ಬಂದು ಕೂತರು, ಏಡಿ ಮುಟ್ಟಬಾರದವರೊಬ್ಬರ ಮುಂದೆ ಏಡಿಯನ್ನೇ ಇಟ್ಟು ಮುಖ ಊದಿಸಿ ಕಳಿಸಿದ. ಅವಳು ಮೆಟ್ಟಿಲ ಕೆಳಗಿನ ಮೇಜಿಗೆ ಮರಳಿದಳು. ಮರಳಿದವಳು ಮೊದಲಿನ ಹಾಗಿರಲಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ಒಂದು ಗಳಿಗೆ ಅದನ್ನೇ ನೋಡುತ್ತಾ ಕೂರುವಳು.

"ನಾವು ತಪ್ಪು ಮಾಡಿದ್ವಾ ಅಣ್ಣಾ?" ಎಂದು ಒಂದು ದಿನ ಕೇಳಿದಳು. ಹುಡುಗಿ ಉಳಿದಳು ಎಂದೆ. "ಹುಡುಗ?" ಎಂದಳು.

ಆ ವರ್ಷ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಫೋನು ಬಂತು. ಅವಳು ಎತ್ತಿದಳು, ರೂಢಿಯಂತೆ ಪೆನ್ನು ಹಿಡಿದಳು. ಆಮೇಲೆ ಪೆನ್ನು ಕೆಳಗಿಟ್ಟಳು.

"ಗೊತ್ತಾಯ್ತಮ್ಮಾ, ಯಾರು ಅಂತ... ನಿಮ್ಮ ಮಗ ಯಾವಾಗ ಹೋದ?... ಸೋಮವಾರ." ಅವಳು ಕಣ್ಣು ಮುಚ್ಚಿದಳು. "ಮನೆಗೆ ಬಂದೋರಿಗೆ ಊಟ ಕಳಿಸ್ಬೇಕು. ಬೇರೆ ಯಾರಿಗೂ ಹೇಳೋಕೆ ಮನಸ್ಸು ಬರ್ಲಿಲ್ಲ. ಅವನು ಹೊರಗೆ ಹೊಟ್ಟೆ ತುಂಬ ಉಂಡಿದ್ದು... ಅವತ್ತೊಂದೇ ದಿನ."

ನಾನು ಒಲೆ ಸಣ್ಣ ಮಾಡಿದೆ.

ಅವಳಿಗೆ ಬೇರೆ ಏನು ಕೇಳಬೇಕೆಂದು ಗೊತ್ತಾಗಲಿಲ್ಲವೋ ಏನೋ, ಹಳೆಯ ಪ್ರಶ್ನೆಗಳನ್ನೇ ಕೇಳಿದಳು. "ಯಾರ್ಯಾರು ಬರ್ತಾರಮ್ಮಾ?... ನೆಂಟರು, ಅಕ್ಕಪಕ್ಕದೋರು. ಯಾರಿಗೆ ಏನು ಆಗಲ್ಲ?... ಇನ್ನು ಯಾರಿಗೂ ಏನೂ ಇಲ್ಲ. ಎಲ್ಲರೂ ಎಲ್ಲಾ ತಿಂತಾರೆ. ಉಪ್ಪು ಸರಿಯಾಗಿ ಹಾಕ್ಸಿ." ಪೆನ್ನು ಮತ್ತೆ ಎತ್ತಿಕೊಂಡಳು. "ಒಂದು ತಟ್ಟೆ ಮಾತ್ರ ಅವತ್ತಿನ ಹಾಗೆ. ನಿಮಗೆ. ಸರಿಯಮ್ಮಾ. ಒಂದು ತಟ್ಟೆ, ಉಪ್ಪಿಲ್ದೆ, ನಿಮಗೆ."

ಅವಳು ಫೋನು ಇಟ್ಟು ಏಳುವ ಮೊದಲೇ ನಾನು ಆಲೂಗಡ್ಡೆ ಹೆಚ್ಚಿ ನೀರಿಗೆ ಹಾಕಿದ್ದೆ.